ತೊಳೆದಷ್ಟೂ ಮುಗಿಯದ ವುಝೂ

ಡಬ್ಲಿನ್‌ನಲ್ಲಿ ನಮ್ಮ ರೂಮಿನ ಗೆಳೆಯನೊಬ್ಬ ಸುಬ್‌ಹಿಯ ವುಝೂಗೆ ಹೋದರೆ ಮುಕ್ಕಾಲು ಗಂಟೆ ಹೊರಗೆ ಬರುತ್ತಿರಲಿಲ್ಲ. ಕೈಯೆಲ್ಲ ಬಿರಿದಿತ್ತು. ವಸ್ವಾಸ್ ಅಂತ ನಾವು ತಮಾಷೆ ಮಾಡಿದೆವು. ಜಿಪಿ ಮನಃಶಾಸ್ತ್ರಜ್ಞರ ಬಳಿ ಕಳಿಸಿದ ಮೇಲೆಯೇ ಅದು ಒಸಿಡಿ ಎಂದು ಗೊತ್ತಾದದ್ದು.

'ಮೊಣಕೈ ಒದ್ದೆಯಾಗಲಿಲ್ಲವೇನೋ' ಎಂದು ಬೇಡವೆಂದರೂ ನುಗ್ಗುವ ಯೋಚನೆ ಗೀಳು. ಆ ಕಳವಳ ಇಳಿಸಲು ಮತ್ತೆ ತೊಳೆಯುವುದು ಒತ್ತಾಯದ ಕ್ರಿಯೆ. ತೊಳೆದರೆ ನೆಮ್ಮದಿ ಸಿಗುತ್ತದೆ, ಆದರೆ ತೊಳೆದದ್ದರಿಂದಲೇ ಬಚಾವಾದೆ ಎಂದು ಮನಸ್ಸು ಕಲಿಯುತ್ತದೆ. ಮುಂದಿನ ಸಲ ಇನ್ನೂ ಜೋರಾಗಿ ಕೇಳುತ್ತದೆ.

ಇಆರ್‌ಪಿ ಎಂಬ ಚಿಕಿತ್ಸೆಯಲ್ಲಿ ಯೋಚನೆಯನ್ನು ಓಡಿಸಲು ಹೋಗುವುದಿಲ್ಲ, ಕ್ರಿಯೆಯನ್ನು ತಡೆಯುತ್ತಾರೆ. ಸುಲಭದ್ದರಿಂದ ಶುರು. ಮೊದಲು ಊಟದ ನಂತರ ಒಂದೇ ಸಲ ಕೈ ತೊಳೆಯುವುದು. ಕೆಲವು ವಾರದ ಮೇಲೆ ವುಝೂ: ಮೂರೇ ಸಲ, ನಲ್ಲಿ ಬಂದ್, ಸಂಶಯ ಇದ್ದಂತೆಯೇ ನಮಾಝ್‌ಗೆ ನಿಲ್ಲುವುದು. ಮುಗಿದ ಮೇಲಿನ ಸಂಶಯಕ್ಕೆ ಮತ್ತೆ ಮಾಡಬೇಕಿಲ್ಲ ಎಂದು ಉಸ್ತಾದರು ಮೊದಲೇ ಹೇಳಿದ್ದರು. ಆದರೂ ಮೊದಲ ದಿನ ಬೆವರಿಳಿಯಿತಂತೆ. ತೊಳೆಯದೆ ಕೂತಿದ್ದಕ್ಕೆ ಕಳವಳ ತಾನಾಗಿಯೇ ಇಳಿಯಿತು. ಅದು ಇಳಿಯುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ನಡುವೆ ಒಮ್ಮೆ ಕೆಟ್ಟಿತು, ಅದು ನಮ್ಮಿಂದಲೇ. 'ಸರಿಯಾಯ್ತಾ?' ಎಂದು ಅವನು ಕೇಳುತ್ತಿದ್ದ, 'ಆಯ್ತು ಮಾರಾಯ' ಎನ್ನುತ್ತಿದ್ದೆವು. ಹಾಗೆ ಕೇಳುವುದೂ ತೊಳೆಯುವುದರ ಇನ್ನೊಂದು ರೂಪವಂತೆ. ಈಗ ಕೇಳಿದರೆ 'ಗೊತ್ತಿಲ್ಲ, ನಮಾಝ್‌ಗೆ ಬಾ' ಎನ್ನುತ್ತೇವೆ. ಬೈದುಕೊಂಡೇ ಬರುತ್ತಾನೆ.