ಅಜ್ಜಿಯ ಸಾರು, ನನ್ನ ಸುಳ್ಳು

ನಾನು ಬೆಳೆದದ್ದು ಹೈದರಾಬಾದಿನ ಜೀಡಿಮೆಟ್ಲಾದಲ್ಲಿ. ಬಾಗಿಲು ದಾಟಿದರೆ ತೆಲುಗು, ಹಿಂದಿ. ಮನೆಯೊಳಗೆ ಅಜ್ಜಿಯ ರಾಯಚೂರು ಕನ್ನಡ. ಇವತ್ತು ಹೇಳೋದು ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಆಡಿದ ಒಂದು ಮಾತು.

ಕೆಲವು ತಿಂಗಳಿಂದ ಅಜ್ಜಿಯ ಸಾರಿನಲ್ಲಿ ಉಪ್ಪು ಜಾಸ್ತಿ ಆಗ್ತಿತ್ತು. "ಹೆಂಗಾಗ್ಯದ?" ಅಂತ ಕೇಳಿದಾಗೆಲ್ಲ ನಾನು "ಛಲೋ ಆಗ್ಯದ" ಅಂತಿದ್ದೆ. ಒಂದು ದಿನ ಪಕ್ಕದ ಮನೆಯ ಹುಡುಗ ಒಂದು ತುತ್ತು ತಿಂದು ಮುಖ ಕಿವುಚಿದ. ಅಜ್ಜಿ ಅವನನ್ನು ನೋಡಲಿಲ್ಲ, ನನ್ನ ಕಡೆ ನೋಡಿದಳು.

ರಾತ್ರಿ ಕೇಳಿದಳು, "ಇಷ್ಟು ದಿನ ಯಾಕ ಸುಳ್ಳು ಹೇಳಿದಿ?"

"ನಿನ್ನ ಮನಸು ನೋಯಬಾರದು ಅಂತ, ಅಜ್ಜಿ."

"ನನಗ ಬಿಪಿ ಅದ. ವಯಸ್ಸಾದಂಗ ನಾಲಿಗಿಗೆ ರುಚಿ ಹತ್ತಂಗಿಲ್ಲ. ನನ್ನ ನಾಲಿಗಿ ಕೈಕೊಟ್ಟಾಗ ನಿನ್ನ ನಾಲಿಗೀನ ನಂಬಿದ್ದೆ. ಅದೂ ಸುಳ್ಳಾಡ್ತು."

ನನಗೆ ಮಾತೇ ಹೊರಡಲಿಲ್ಲ. ಆದರೂ ವಾದ ಬಿಡಲಿಲ್ಲ. "ಮಹಾಭಾರತದಾಗ ಶರ್ಮಿಷ್ಠೆ ಯಯಾತಿಗೆ, ಐದು ಕಡೆ ಸುಳ್ಳು ಹೇಳಿದ್ರ ಪಾಪ ಇಲ್ಲ ಅಂತಾಳಲ್ಲ?"

ಅಜ್ಜಿ ಬೆರಳು ಮಡಚುತ್ತಾ ಹೋದಳು. ಚೇಷ್ಟೆಗೆ, ಹೆಂಗಸರ ಹತ್ರ, ಮದುವಿ ಹೊತ್ತಿನಾಗ, ಜೀವ ಹೋಗೋವಾಗ, ಇದ್ದದ್ದೆಲ್ಲ ಕಳಕೊಳ್ಳೋವಾಗ. "ಇದರಾಗ ಸಾರು ಎಲ್ಲದ? ಮತ್ತ ಆಕಿ ಆ ಮಾತು ಹೇಳಿದ್ದು ಯಯಾತೀನ ತನ್ನ ಕಡೆ ಒಲಿಸಿಕೊಳ್ಳಾಕ. ಸುಳ್ಳಿಗೆ ರಜಾ ಕೇಳೋರಿಗೆ ಯಾವಾಗ್ಲೂ ಏನೋ ಬೇಕಾಗಿರ್ತದ. ನಿನಗೂ ಬೇಕಿತ್ತು, ನನ್ನ ಸಪ್ಪನ ಮುಖ ನೋಡೋದು ತಪ್ಪಬೇಕಿತ್ತು."

ಆಗ ನಾನು ಹಳೇದನ್ನ ಕೆದಕಿದೆ. "ಸಣ್ಣಜ್ಜಿ ಕಡೀ ದಿನದಾಗ ಮಗ ಬಂದನೇನು ಅಂತ ಕೇಳಿದಾಗ, ದಾರಿಯಾಗ ಇದ್ದಾನ ಅಂದಿ. ಅವನು ಹೊರಟೇ ಇರಲಿಲ್ಲ."

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, "ಹೌದು, ಅಂದೆ. ಆಕಿಗೆ ಆ ಖರೇ ಮಾತು ತಗೊಂಡು ಮಾಡೋದು ಏನೂ ಉಳಿದಿರಲಿಲ್ಲ. ನನಗ ನಾಳೆ ಮತ್ತ ಸಾರು ಮಾಡೋದದ. ಆದ್ರ ಆಕಿ ನನ್ನ ಕೈ ಬಿಡಿಸಿಕೊಂಡು ಗ್ವಾಡಿ ಕಡೆ ಹೊಳ್ಳಿದಳು. ಆಕಿಗೆ ಗೊತ್ತಾಗಿತ್ತೇನೋ. ಅದು ಇನ್ನೂ ನನ್ನ ಕಾಡ್ತದ."

ಅಂದಿನಿಂದ ನಾನು ಯಾರಿಗಾದರೂ ಸಿಹಿ ಸುಳ್ಳು ಹೇಳುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ನಿಜ ಗೊತ್ತಾದರೆ ಇವರು ಏನಾದರೂ ಸರಿಮಾಡಿಕೊಳ್ಳಬಹುದಾ? ಈ ಸುಳ್ಳು ಉಳಿಸುತ್ತಿರುವುದು ಅವರ ಮನಸ್ಸನ್ನೋ, ನನ್ನ ಮುಜುಗರವನ್ನೋ? ಸಣ್ಣಜ್ಜಿಯ ವಿಷಯಕ್ಕೆ ಮಾತ್ರ ಇವೆರಡೂ ಸಾಲುವುದಿಲ್ಲ. ಅಜ್ಜಿಗೂ ಅದು ಗೊತ್ತು.

ಈಗ ಅಜ್ಜಿ ಒಲೆ ಆರಿಸುವ ಮುಂಚೆಯೇ ನನ್ನ ಅಂಗೈಗೆ ನಾಲ್ಕು ಹನಿ ಸಾರು ಹಾಕುತ್ತಾಳೆ. ನಾನು ರುಚಿ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.