ಹೆಬ್ಬೆಟ್ಟಿನ ನಗೆಮಾತು ಚೀಲದ ನಗೆಮಾತಾದದ್ದು

(ಸಂಘದ ಬೆಳ್ಳಿಹಬ್ಬದ ಸಿದ್ಧತೆಗಾಗಿ ಸೇರಿದ್ದ ನಿರ್ದೇಶಕರು ಹಾಗೂ ಸಿಬ್ಬಂದಿಯ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತು)



ಬೆಳ್ಳಿಹಬ್ಬದ ದಿನ ನಮ್ಮಲ್ಲಿ ಪ್ರತಿಯೊಬ್ಬರೂ ಐದೈದು ನಿಮಿಷ ಮಾತಾಡಬೇಕೆಂದು ಗೊತ್ತುವಳಿಯಾಗಿದೆ. ಜನ ನಗುವಂಥ ಒಂದೆರಡು ಮಾತು ಇರಲಿ ಎಂದು ಅಧ್ಯಕ್ಷರು ಹೇಳ್ಯಾರ. ನಗಿಸುವ ವಿಷಯದಾಗ ನಮಗಿಂತ ದೊಡ್ಡ ತಪ್ಪು ಮಾಡಿದವರು ಈ ಸಂಘದಾಗ ಯಾರೂ ಇಲ್ಲ. ಅದಕ್ಕೇ ಇವತ್ತು ಎದ್ದು ನಿಂತೀವಿ. ಆ ತಪ್ಪು ಯಾರ ಮೇಲೆ ಆಯಿತೋ ಅವರು ಇಲ್ಲೇ ಕುಂತಾರ. ಈ ಮಾತು ಹೇಳಬಹುದೇ ಅಂತ ಮೊದಲೇ ಅವರನ್ನು ಕೇಳೀವಿ. "ಹೇಳ್ರಿ, ಆದರ ಅರ್ಧಾ ಹೇಳಬ್ಯಾಡ್ರಿ, ನಿಮ್ಮ ತಪ್ಪೂ ಹೇಳ್ರಿ" ಅಂದರು. ನಮ್ಮ ಕಾಟಾದ ಅಣ್ಣಾರು, ಅಂದರೆ ತೊಗರಿ ತೂಕ ಮಾಡುವವರು.

ಕೆಲವು ವರ್ಷಗಳ ಹಿಂದೆ ವಾರ್ಷಿಕ ಸಭೆಯಲ್ಲಿ ಸಿಬ್ಬಂದಿಗೆ ಶಾಲು ಹೊದಿಸುವ ಹೊತ್ತಿಗೆ ನಾವು ಮೈಕ್ ಹಿಡಿದು ಒಂದು ನಗೆಮಾತು ಹೇಳಿದೆವು. ಒಂದು ಸಂಘದಾಗ ತೂಕ ಮಾಡುವವ ಜ್ವರ ಬಂದು ದವಾಖಾನಿಗೆ ಹೋದ. ನರ್ಸಬಾಯಿ ಅವನನ್ನು ತೂಕದ ಮಷಿನ್ ಮ್ಯಾಲ ನಿಲ್ಲಿಸಿ "ಅರವತ್ತು ಕಿಲೋ" ಅಂದಳು. ಅವ ಅಂದ, "ಬಾಯಾರೆ, ಅರ್ಧ ಕಿಲೋ ಕಡಿಮಿ ಬರೀರಿ." ಯಾಕ್ರಿ ಅಂತ ಕೇಳಿದರ, "ಈ ಹೆಬ್ಬೆಟ್ಟು ನಂದಲ್ಲರಿ, ಸಂಘದ್ದು" ಅಂದ.

ಸಭಾ ಎಲ್ಲಾ ಬಿದ್ದು ಬಿದ್ದು ನಕ್ಕಿತು. ಅಣ್ಣಾರೂ ಶಾಲು ಹೊದ್ದುಕೊಂಡೇ ನಕ್ಕರು. ಅವರು ನಕ್ಕದ್ದು ನೋಡಿ ನಮಗೆ ಸಮಾಧಾನ ಆಯಿತು. ನಮ್ಮ ಮೊದಲ ತಪ್ಪು ಅಲ್ಲೇ ಇತ್ತು. ಮುನ್ನೂರು ಮಂದಿ ತನ್ನ ಕಡೆ ನೋಡುವಾಗ ನಗದೆ ಮನುಷ್ಯ ಇನ್ನೇನು ಮಾಡ್ಯಾನು? ಸಿಟ್ಟು ತೋರಿಸಿದರೆ ಕಳ್ಳ ಅಂತ ತಾನೇ ಒಪ್ಪಿಕೊಂಡಂಗ.

ಮುಂದಿನ ತೊಗರಿ ಸುಗ್ಗಿಯಲ್ಲಿ ಅದರ ಫಲ ಕಂಡಿತು. ಓಣಿಯ ಹುಡುಗರು ಅವರಿಗೆ 'ಹೆಬ್ಬೆಟ್ಟಣ್ಣ' ಎಂದು ಹೆಸರಿಟ್ಟಿದ್ದರು. ಸದಸ್ಯರು ಒಂದೊಂದು ಚೀಲವನ್ನೂ ಎರಡೆರಡು ಸಲ ತೂಗಿಸಲಿಕ್ಕೆ ಹತ್ತಿದರು. ಗಾಡಿಗಳ ಸಾಲು ರಾತ್ರಿತನಕ ನಿಂತಿತು. ಒಂದು ದಿನ ನಾವು ಹೋಗಿ ನೋಡ್ತೀವಿ, ಅಣ್ಣಾರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಾಟಾದ ಮುಂದೆ ನಿಂತಾರ. ಚೀಲ ಏರಿಸೋದು ಇಳಿಸೋದು ಹಮಾಲರ ಕೆಲಸ. ಇವರು ಅಂಕಿ ಓದಿ ಬರೆಸೋದಷ್ಟೆ. ಕೈ ಯಾಕ ಹಿಂದ ಕಟ್ಟೀರಿ ಅಂತ ಕೇಳಬೇಕಂದೆವು, ಬಾಯಿಗೆ ಮಾತು ಬರಲಿಲ್ಲ. ಆಮೇಲೆ ಕಾರ್ಯದರ್ಶಿಗಳು ಹೇಳಿದರು, ತನಗೆ ಗೋದಾಮಿನ ಕೆಲಸ ಕೊಡ್ರಿ, ಕಾಟಾ ಬ್ಯಾಡ ಅಂತ ಅವರು ಎರಡು ಸಲ ಕೇಳ್ಯಾರಂತ.

ಆ ನಗೆಮಾತು ಅಷ್ಟು ಯಾಕೆ ನಟ್ಟಿತು ಅಂದರೆ ಅದು ಮೊದಲೇ ಇದ್ದ ಸಂಶಯದ ಮೇಲೆ ಹೋಗಿ ಬಿದ್ದಿತ್ತು. ಬೆಂಬಲ ಬೆಲೆಯ ಖರೀದಿಯಲ್ಲಿ ಒಂದು ಚೀಲಕ್ಕೆ 50 ಕಿಲೋ ಮಾಲು ತುಂಬಬೇಕು. ಖಾಲಿ ಗೋಣಿಚೀಲದ ತೂಕವೇ ಅರ್ಧ ಕಿಲೋಕ್ಕಿಂತ ಸ್ವಲ್ಪ ಹೆಚ್ಚು. ಹಂಗಾಗಿ ಕಾಟಾದ ಮ್ಯಾಲ ಐವತ್ತೂವರೆ ದಾಟಿದಾಗಲೇ ಒಳಗಿನ ಮಾಲು ಐವತ್ತು. ಇದು ಗೊತ್ತಿಲ್ಲದ ರೈತ ತನ್ನ ಅರ್ಧ ಕಿಲೋ ಹೋಯಿತು ಅಂತಲೇ ತಿಳೀತಾನ. ಪ್ರತಿವರ್ಷ ಅಣ್ಣಾರು ಅದನ್ನ ಹೇಳಿ ಹೇಳಿ ಸಾಕಾಗಿದ್ದರು. ನಾವು ಹೋಗಿ ಅದೇ ಅರ್ಧ ಕಿಲೋವನ್ನ ಮೈಕಿನಾಗ ಅವರ ಹೆಬ್ಬೆಟ್ಟಿಗೆ ಕಟ್ಟಿದೆವು.

ತಪ್ಪು ತಿಳಿದ ಮೇಲೆ ಅದನ್ನು ಸರಿಪಡಿಸಲಿಕ್ಕೆ ಮಾತಿನಿಂದಲೇ ಸಾಧ್ಯ ಅನ್ನಿಸಿತು. ಮುಂದಿನ ವಾರ್ಷಿಕ ಸಭೆಗೆ ಮುಂಚೆ ಕಲಬುರಗಿಗೆ ಹೋಗಿ ಜೇವರ್ಗಿ ಕಾಲೋನಿಯ ನಮ್ಮ ಅಕ್ಕನ ಮನೆಯಲ್ಲಿ ಎರಡು ದಿನ ಉಳಿದೆವು. ನೋಟ್‌ಬುಕ್ಕಿನಲ್ಲಿ ಬರೆದು, ಅಕ್ಕನ ಮುಂದೆ ಓದಿ, ಹೊಡೆದುಹಾಕಿ, ಮತ್ತೆ ಬರೆದೆವು.

ಮೊದಲು ನಾವು ಮಾಡಿದ್ದು ಸುಲಭದ ಕೆಲಸ. 'ಒಂದು ಸಂಘದಾಗ' ಅಂತ ಇದ್ದದ್ದನ್ನ 'ದೂರದ ಒಂದು ಜಿಲ್ಲೆಯ ಸಂಘದಾಗ' ಅಂತ ಮಾಡಿದೆವು. ಅಕ್ಕ ಕೇಳಿದಳು, "ತಮ್ಮಾ, ನಿಮ್ಮ ಸಭಾದಾಗ ಕಾಟಾ ನೋಡೋರು ಎಷ್ಟು ಮಂದಿ ಇರ್ತಾರ?" ಒಬ್ಬರೇ ಅಂದೆವು. "ಹಂಗಾದರ ಊರು ಬದಲಿ ಮಾಡಿದರೇನು ಬಂತು? ಜನ ಯಾರ ಕಡೆ ತಿರುಗಿ ನೋಡ್ತಾರ?" ಅಂದಳು. ಆ ಮಾತು ನಮ್ಮ ತಲೆಗೆ ಹೊಕ್ಕಿತು. ಹಳ್ಳಿಯಲ್ಲಿ ಕೆಲಸವೇ ಮನುಷ್ಯನ ಹೆಸರು. ಕಾರ್ಯದರ್ಶಿ, ವಾಚಮನ್, ಕಾಟಾದವರು, ಸಂಘಕ್ಕೆ ಒಬ್ಬೊಬ್ಬರೇ. ಊರು ಬದಲಿಸಿದರೂ ಕೆಲಸ ಉಳಿದರೆ ಆ ಮನುಷ್ಯನೂ ಅಲ್ಲೇ ಉಳೀತಾನ.

ಅಕ್ಕ ಇನ್ನೊಂದು ಮಾತು ಹೇಳಿದಳು. ಅದು ನಮ್ಮ ಲಕ್ಷ್ಯಕ್ಕೆ ಬಂದೇ ಇರಲಿಲ್ಲ. "ಹೆಬ್ಬೆಟ್ಟು ಅಂದರ ನಮ್ಮವ್ವನೂ ಹೆಬ್ಬೆಟ್ಟೇ ಅಲ್ಲೇನೋ" ಅಂದಳು. ನಮ್ಮವ್ವ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಸಹಿ ಬರದವರಿಗೆ ನಮ್ಕಡಿ ಹೆಬ್ಬೆಟ್ಟು ಅಂತಲೇ ಕರೀತಾರ. ಸಭೆಯ ಮುಂದಿನ ಸಾಲಿನಲ್ಲಿ ಅಂಥ ಹಿರಿಯ ಸದಸ್ಯರು ಎಷ್ಟು ಮಂದಿ ಕೂತಿದ್ದರು! ಒಂದೇ ಶಬ್ದ ಎರಡು ಕಡೆ ಕಡಿದಿತ್ತು.

ಆಗ ನಾವು ಹೆಬ್ಬೆಟ್ಟನ್ನೂ ತೆಗೆದೆವು, ತೂಕದವರನ್ನೂ ತೆಗೆದೆವು. 'ಒಬ್ಬ ಮನುಷ್ಯ ದವಾಖಾನಿಗೆ ಹೋದ, ಮಷಿನ್ ಕೆಟ್ಟಿತ್ತು, ತೂಕ ತಪ್ಪು ಬಂತು' ಅಂತ ಓದಿದೆವು. ಅಕ್ಕ "ಮುಂದ?" ಅಂದಳು. ಮುಂದೇನೂ ಇರಲಿಲ್ಲ. ಯಾರಿಗೂ ನೋವಾಗಬಾರದು ಅಂತ ಎಲ್ಲಾ ತೆಗೆದರೆ ನಗುವುದಕ್ಕೂ ಏನೂ ಉಳಿಯೋದಿಲ್ಲ. ಉಪ್ಪು ಹೆಚ್ಚಾಗಿದೆ ಅಂತ ಸಾರೇ ಚೆಲ್ಲಿದಂಗ.

ಆ ರಾತ್ರಿ ಕೂತು ವಿಚಾರ ಮಾಡಿದೆವು, ಜನ ನಕ್ಕದ್ದು ಯಾವುದಕ್ಕೆ? ಕಳ್ಳತನಕ್ಕೆ ಅಲ್ಲ. ಕಾಟಾದ ಲೆಕ್ಕವನ್ನು ಮನುಷ್ಯ ದವಾಖಾನಿಯ ಮಷಿನ್ ಮೇಲೂ ಹಚ್ಚಿದನಲ್ಲ, ಅದಕ್ಕೆ. ಆ ಲೆಕ್ಕ ಉಳಿದರೆ ನಗು ಉಳೀತದ. ಅದನ್ನು ಹೊರುವ ಮನುಷ್ಯ ಮಾತ್ರ ಬೇರೆ ಆಗಬೇಕು. ಹಂಗಾದರೆ ಯಾರು?

ನಮಗೆ ಬೀಚಿ ನೆನಪಾದರು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡಿದವರು. ಸುತ್ತಲಿನವರನ್ನು ಹೆಸರು ಹಿಡಿದು ಹಾಸ್ಯ ಮಾಡುವುದಕ್ಕಿಂತ ತಿಮ್ಮ ಅಂತ ಒಬ್ಬನನ್ನು ಹುಟ್ಟಿಸಿ, ದಡ್ಡತನವನ್ನೆಲ್ಲ ಅವನ ತಲೆಗೆ ಕಟ್ಟಿದರು. ತಿಮ್ಮ ಯಾವ ಆಫೀಸಿಗೂ ಸೇರಿದವನಲ್ಲ, ಹಂಗಾಗಿ ಯಾರೂ ಅವನ ಪರವಾಗಿ ಸಿಟ್ಟಾಗಬೇಕಿಲ್ಲ. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ನನ್ನ ಭಯಾಗ್ರಫಿ'. ನಗುವಿಗೆ ತನ್ನನ್ನೇ ಮುಂದೆ ಮಾಡುವುದು ಅಂದರೆ ಇದು. ನಮ್ಮ ಸಭೆಯಲ್ಲಿ ತಿಮ್ಮ ಬೇಕಾದರೆ ನಾವೇ ತಿಮ್ಮ ಆಗಬೇಕು. ನಿರ್ದೇಶಕರ ಮೇಲೆ ಸಿಬ್ಬಂದಿ ನಕ್ಕರೆ ನಿರ್ದೇಶಕರಿಗೆ ಹೋಗೋದೇನೂ ಇಲ್ಲ. ಸಿಬ್ಬಂದಿ ಮೇಲೆ ನಿರ್ದೇಶಕ ನಗಿಸಿದರೆ ಅವರು ತಿರುಗಿ ಮಾತಾಡೋಂಗಿಲ್ಲ.

ಬೆಳಿಗ್ಗೆ ಹೀಗೆ ಬರೆದೆವು. ನಾವು ದವಾಖಾನಿಗೆ ಹೋಗಿದ್ದೆವು. ನರ್ಸಬಾಯಿ ಮಷಿನ್ ಮ್ಯಾಲ ನಿಲ್ಲಿಸಿ "ಎಂಬತ್ತೆರಡು ಕಿಲೋ" ಅಂದರು. ನಾವು ಅಂದೆವು, "ಬಾಯಾರೆ, ಹಂಗೇ ಬರೀಬ್ಯಾಡ್ರಿ. ಮೊದಲು ಚೀಲದ ತೂಕ ಕಳೀರಿ." "ಯಾವ ಚೀಲರಿ?" ಅಂದರು. ನಾವು ಹೊಟ್ಟಿ ಮ್ಯಾಲ ಕೈ ಇಟ್ಟು "ಇದೇ" ಅಂದೆವು. ಅವರು ನಮ್ಮನ್ನು ಮ್ಯಾಲಿಂದ ಕೆಳಗ ನೋಡಿ ಅಂದರು, "ಅಣ್ಣಾರೆ, ಚೀಲ ಕಳದರ ಮಾಲೇ ಉಳಿಯಂಗಿಲ್ಲ."

ಅಕ್ಕ ಚಹಾ ಚೆಲ್ಲುವಂಗ ನಕ್ಕಳು. ನಮಗೆ ಸ್ವಲ್ಪ ಬ್ಯಾಸರಾನೂ ಆಯಿತು, ಅಷ್ಟು ನಗಬೇಕಾಗಿರಲಿಲ್ಲ.

ಇದರಾಗ ಕೊನೆಯ ಮಾತು ನರ್ಸಬಾಯಿಯದು, ಸೋತವರು ನಾವು. ಹೊಟ್ಟಿ ನಮ್ಮದೇ, ಎಲ್ಲರಿಗೂ ಕಾಣೋದೇ. ಬೇರೆಯವರ ಹೊಟ್ಟಿ ತೋರಿಸಿದ್ದರೆ ಅದೂ ತಪ್ಪಾಗುತ್ತಿತ್ತು. ನಗಿಸುವ ಶಬ್ದ ಕಟ್ಟಕಡೆಗೆ ಬರುವಂಗೆ ನೋಡಿಕೊಂಡೀವಿ. 'ಮಾಲೇ ಉಳಿಯಂಗಿಲ್ಲ' ಅಂದ ಮೇಲೆ ನಾವು ಒಂದು ಅಕ್ಷರ ಕೂಡಿಸಿದರೂ ನಗು ಇಳೀತದ. ಇನ್ನೂ ಒಂದು ಲಾಭ ಆಯಿತು. ಚೀಲದ ತೂಕ ಕಳೆಯೋದು ಅಂದರೆ ಏನು ಅಂತ ಅದರಿಂದ ಸದಸ್ಯರಿಗೆ ತಿಳಿಯುತ್ತದೆ. ಯಾವ ಅರ್ಧ ಕಿಲೋದಿಂದ ಅಣ್ಣಾರಿಗೆ ಕೆಟ್ಟ ಹೆಸರು ಬಂತೋ, ಅದು ಚೀಲದ್ದು ಅಂತ ಹೇಳಿದಂಗಾಯಿತು.

ಸಭೆಗೆ ಮುಂಚೆ ಅಣ್ಣಾರಿಗೆ ಓದಿ ತೋರಿಸಿದೆವು. ಆದರೆ 'ಇದು ನಡೀತದೇನ್ರಿ?' ಅಂತ ಕೇಳಲಿಲ್ಲ. ಪಗಾರ ಮಂಜೂರು ಮಾಡುವ ನಿರ್ದೇಶಕ ಕೇಳಿದರೆ ಯಾರಾದರೂ ನಡೀತದ ಅಂತಲೇ ಅಂತಾರ. 'ಇದರಾಗ ಒಂದು ಶಬ್ದ ತೆಗೀಬೇಕಾದರ ಯಾವುದು ತೆಗೀತೀರಿ?' ಅಂತ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಶುರುವಿನಾಗ 'ಹೋದ ಸಲ ಹೇಳಿದ್ದೆನಲ್ಲ' ಅಂತ ಹಾಕೀರಲ್ಲ, ಅದು ತೆಗೀರಿ" ಅಂದರು. ನಮ್ಮ ಪ್ರಕಾರ ಅದು ಕ್ಷಮಾಪಣೆ. ಅವರಿಗೆ ಅದು ಮತ್ತೊಮ್ಮೆ ಎಲ್ಲರ ಕಣ್ಣೂ ತಮ್ಮ ಕಡೆ ತಿರುಗಿಸುವ ಮಾತು. ತೆಗೆದೆವು. ಕ್ಷಮೆಯನ್ನು ಅವರ ಮನೆಗೆ ಹೋಗಿ ಕೇಳಿದೆವು, ಮೈಕಿಲ್ಲದೆ.

ತನ್ನ ಮೇಲೆ ತಿರುಗಿಸಿಕೊಂಡರೆ ಎಲ್ಲವೂ ಪಾರು ಅಂತಲೂ ತಿಳೀಬ್ಯಾಡ್ರಿ. ಒಮ್ಮೆ ನಾವು 'ಸಾಲ ಮುಳುಗಿಸೋದರಾಗ ನಾವೇ ಮೊದಲು' ಅಂತ ನಮ್ಮ ಮೇಲೇ ಹಾಸ್ಯ ಮಾಡಿದ್ದೆವು. ವಸೂಲಿಗೆ ಹೋದಾಗ ಒಬ್ಬರು ಅದನ್ನೇ ನಮ್ಮ ಮುಖಕ್ಕೆ ಹೇಳಿದರು. ಸಂಘದ ರೊಕ್ಕದ ವಿಷಯ ನಿರ್ದೇಶಕನ ಬಾಯಿಂದ ಬಂದರೆ ಜನ ಅದನ್ನು ಹಾಸ್ಯ ಅಂತ ಕೇಳೋದಿಲ್ಲ, ಒಪ್ಪಿಗೆ ಅಂತ ಕೇಳ್ತಾರ. ಹೊಟ್ಟಿ, ಮರೆವು, ನಿದ್ದಿ ಇಂಥವು ನಡೀತಾವ, ಲೆಡ್ಜರ್ ನಡೆಯಂಗಿಲ್ಲ.

ಮತ್ತ ಕೆಲವು ನಗೆಮಾತು ರಿಪೇರಿಯೇ ಆಗೋದಿಲ್ಲ. ತೊದಲುವವರೊಬ್ಬರು ನೋಟು ಎಣಿಸುವ ಒಂದು ಹಾಸ್ಯ ನಮ್ಮ ನೋಟ್‌ಬುಕ್ಕಿನಾಗ ಇತ್ತು. ತೊದಲು ತೆಗೆದು ನೋಡಿದೆವು. ಬರೀ ನೋಟು ಎಣಿಸೋದು ಉಳೀತು, ಅದರಾಗ ನಗು ಎಲ್ಲಿದೆ? ಆ ಹಾಳೆ ಹರಿದು ಹಾಕಿದೆವು. ಜಾತಿ ಹಿಡಿದು ಹೇಳುವವೂ ಹಂಗೇ.

ಚೀಲದ ಮಾತು ಸಭೆಯಲ್ಲಿ ಹೇಳಿದೆವು. ಹೆಬ್ಬೆಟ್ಟಿಗೆ ನಕ್ಕಷ್ಟು ಜೋರಾಗಿ ಜನ ನಗಲಿಲ್ಲ, ಸುಳ್ಳು ಯಾಕೆ ಹೇಳಬೇಕು. ಮುಕ್ಕಾಲು ಪಾಲು ನಗು ಬಂತು. ಅಣ್ಣಾರು ಈ ಸಲ ಹಿಂದಿನ ಸಾಲಿನಾಗ ಕೂತಿದ್ದರು, ನಕ್ಕರೋ ಇಲ್ಲೋ ನಮಗೆ ಕಾಣಲಿಲ್ಲ.

ಮುಂದಿನ ಸುಗ್ಗಿಗೆ ನಮ್ಮ ತೊಗರಿ ತುಂಬಿಕೊಂಡು ಸಂಘಕ್ಕೆ ಬಂದೆವು. ಅಣ್ಣಾರು ಕಾಟಾದ ಮುಂದೆ ನಿಂತಿದ್ದರು, ಒಂದು ಕೈಯಾಗ ಪೆನ್ನು, ಇನ್ನೊಂದು ಕೈ ಸೊಂಟದ ಮ್ಯಾಲ. ಹಮಾಲರು ನಮ್ಮ ಚೀಲ ಏರಿಸಿದರು. ಅಂಕಿ ನೋಡಲಿಕ್ಕೆ ನಾವು ಹತ್ತಿರ ಬಗ್ಗಿದೆವು. ಅಣ್ಣಾರು ಅಂಕಿ ಓದಲಿಲ್ಲ. ನಮ್ಮ ಕಡೆ ನೋಡಿ ಅಂದರು, "ಡೈರೆಕ್ಟರ್ ಸಾಹೇಬ್ರ, ಜರಾ ಹಿಂದ ಸರೀರಿ. ಕಾಟಾದ ಮ್ಯಾಲ ಎರಡು ಚೀಲ ಕಾಣಲತ್ತಾವ."