ತಿಗರಿ ತಿರುಗಲಿ, ಕೈ ನಿಲ್ಲಲಿ: ಕುಂಬಾರನ ವಿಡಿಯೊಗೆ ಪ್ರಾಂಪ್ಟ್ ಬರೆಯುವುದು

ಮೈಸೂರಿನ ಕುಂಬಾರಗೇರಿ ಅಂದ್ರೆ ನಮಗೆಲ್ಲ ಗಣಪತಿ ಹಬ್ಬದ ಮೂರ್ತಿಗಳು, ದೀಪಾವಳಿಯ ಹಣತೆಗಳು ನೆನಪಾಗುತ್ತವೆ. ಹಬ್ಬ ಹತ್ತಿರ ಬಂದಾಗ ಕುಂಬಾರ ಹಣತೆ ಮಾಡುವ ಎಐ ವಿಡಿಯೊಗಳೂ ಫೋನಿಗೆ ಬರುತ್ತವೆ. ಅವನ್ನು ಒಬ್ಬ ಕುಂಬಾರನಿಗೆ ತೋರಿಸಿ ನೋಡಿ, ಎರಡೇ ಸೆಕೆಂಡಿನಲ್ಲಿ ನಕ್ಕುಬಿಡ್ತಾನೆ. ಯಾಕೆ ಅನ್ನೋದನ್ನೇ ಇವತ್ತು ಹೇಳ್ತೀನಿ.

'ಕುಂಬಾರ ಒದ್ದೆ ಮಣ್ಣಿನಲ್ಲಿ ಮಡಕೆ ಮಾಡುತ್ತಿದ್ದಾನೆ, ಸುಂದರ ದೃಶ್ಯ' ಅಂತ ಬರೆದರೆ ಸಾಮಾನ್ಯವಾಗಿ ಏನು ಬರುತ್ತೆ? ಕೈಗಳು ಮಡಕೆಯನ್ನು ಸವರುತ್ತಾ ಸುತ್ತ ಓಡಾಡುತ್ತವೆ, ಮಡಕೆ ತಾನಾಗಿಯೇ ಬೆಳೆಯುತ್ತೆ. ನಿಜದಲ್ಲಿ ಇದು ತಲೆಕೆಳಗು. ತಿರುಗೋದು ತಿಗರಿ ಮತ್ತು ಮಣ್ಣು. ಕೈ ಬಹುತೇಕ ನಿಂತೇ ಇರುತ್ತೆ. ಮೊಣಕೈಯನ್ನು ತೊಡೆಗೋ ಪಕ್ಕೆಗೋ ಒತ್ತಿ ಹಿಡಿದಿರ್ತಾರೆ, ಇಲ್ಲದಿದ್ದರೆ ಮಣ್ಣು ಕೈಯನ್ನೇ ಅಲ್ಲಾಡಿಸುತ್ತೆ. ಅದಕ್ಕೇ ಪ್ರಾಂಪ್ಟಿನ ಮೊದಲ ವಾಕ್ಯದಲ್ಲೇ ಯಾವುದು ತಿರುಗುತ್ತೆ, ಯಾವುದು ನಿಂತಿದೆ ಅಂತ ಬರೀಬೇಕು.

ಎರಡನೇದು, ಮಡಕೆ ಬೇಡ, ಹಣತೆ ಕೇಳಿ. ನಮ್ಮ ದುಂಡು ತಳದ ಮಡಕೆ ಪೂರ್ತಿ ತಿಗರಿ ಮೇಲೆ ಆಗೋದಿಲ್ಲ. ಬಾಯಿ, ಕತ್ತು ಅಲ್ಲಿ ಆಗುತ್ತೆ. ಆಮೇಲೆ ಸ್ವಲ್ಪ ಆರಿಸಿ, ಒಳಗೆ ಕಲ್ಲು ಹಿಡಿದು ಹೊರಗಿಂದ ಮರದ ಹಲಗೆಯಲ್ಲಿ ಬಡಿದು ತಳ ದುಂಡಗೆ ಮಾಡ್ತಾರೆ. ಹಣತೆಯ ರೂಪ ತಿಗರಿ ಮೇಲೆ ಕೆಲವೇ ಸೆಕೆಂಡಿನಲ್ಲಿ ಬಂದುಬಿಡುತ್ತೆ. ಎಐ ವಿಡಿಯೊ ಒಂದು ಸಲಕ್ಕೆ ಕೊಡೋದೂ ಸಾಮಾನ್ಯವಾಗಿ ಅಷ್ಟೇ ಹೊತ್ತು. ದೊಡ್ಡ ಮಣ್ಣಿನ ಗುಡ್ಡೆಯ ತುದಿಯಲ್ಲಿ ಒಂದು ಹಿಡಿಯಷ್ಟನ್ನು ಮಾತ್ರ ಹಿಡಿದು, ಹೆಬ್ಬೆರಳಿಂದ ನಡುವೆ ಒತ್ತಿ ಗುಂಡಿ ಮಾಡಿ, ಒಳಗೊಂದು ಬೆರಳು ಹೊರಗೊಂದು ಬೆರಳು ಇಟ್ಟು ಅಂಚು ಎಬ್ಬಿಸ್ತಾರೆ. ಕೊನೆಗೆ ಬುಡದಲ್ಲಿ ದಾರ ಹಾಕಿ ಕತ್ತರಿಸ್ತಾರೆ. ಇಷ್ಟನ್ನೂ ಒಂದೇ ಶಾಟಿಗೆ ತುರುಕಬೇಡಿ. ಗುಂಡಿ ಬೀಳೋದು ಒಂದು ಶಾಟ್, ಅಂಚು ಏಳೋದು ಇನ್ನೊಂದು, ದಾರದ್ದು ಮತ್ತೊಂದು.

ಇನ್ನು ರಾಡಿ. ಬೆರಳಿಗೆ ಹಚ್ಚಿದ ನೀರು, ಮಣ್ಣಿನ ನುಣುಪು ಕಣ ಸೇರಿ ತೆಳು ಅಂಬಲಿಯ ಹಾಗಾಗುತ್ತಲ್ಲ, ಅದು. ಮಣ್ಣು ಬೆರಳಿಗೆ ಬಂದು ತಾಗೋ ಕಡೆ ಅದು ದಪ್ಪಗೆ ಕೂಡಿಕೊಳ್ಳುತ್ತೆ, ಆ ಕಡೆ ತೆಳ್ಳಗೆ ಸಾರಿಸಿದ ಹಾಗೆ ಉಳಿಯುತ್ತೆ, ಮಣಿಕಟ್ಟಿನವರೆಗೂ ಇಳಿಯುತ್ತೆ. ಬರೀ 'ಕೆಸರು' ಅಂತ ಬರೆದರೆ ಮಳೆಗಾಲದ ರಸ್ತೆ ಬರಬಹುದು. ಇಂಗ್ಲಿಷಿನಲ್ಲಿ ಬರೆಯೋರು ಬರೀ 'ಸ್ಲಿಪ್' ಅಂದರೆ ಜಾರೋದು ಅಂತಲೂ ಅರ್ಥ ಆದೀತು. ಹಾಗಾಗಿ ಹೆಸರಿಗಿಂತ ಅದು ಹೇಗಿದೆ ಅನ್ನೋದನ್ನೇ ಬರೀಬೇಕು. ಬಣ್ಣಾನೂ ಹೇಳಿ. ಹಣತೆಯ ಕೆಂಪು ಸುಟ್ಟ ಮೇಲೆ ಬರೋದು. ಒದ್ದೆ ಕೆರೆಮಣ್ಣು ಕಪ್ಪುಗಂದು.

ಸರಿ, ಪ್ರಾಂಪ್ಟ್ ಓದ್ತೀನಿ, ಇದು ಎರಡನೇ ಶಾಟಿಗೆ:

'ಒಂದೇ ಶಾಟ್, ಎಂಟು ಸೆಕೆಂಡ್. ಕುಂಬಾರನ ತಿಗರಿಯ ಮೇಲೆ ಒದ್ದೆಯಾದ ಕಪ್ಪುಗಂದು ಮಣ್ಣಿನ ಗುಡ್ಡೆ ಒಂದೇ ದಿಕ್ಕಿನಲ್ಲಿ ತಿರುಗುತ್ತಿದೆ. ಎರಡು ಕೈಗಳು ಸ್ಥಿರವಾಗಿವೆ. ಗುಡ್ಡೆಯ ತುದಿಯಲ್ಲಿ ಅಂಗೈ ಅಗಲದ ಬಟ್ಟಲು. ಒಂದು ಬೆರಳು ಒಳಗೆ, ಒಂದು ಹೊರಗೆ, ಎರಡರ ನಡುವೆ ಅಂಚು ನಿಧಾನವಾಗಿ ಏಳುತ್ತಿದೆ. ಬೆರಳುಗಳು ಮಣ್ಣಿನಿಂದ ಬೇರೆಯಾಗಿ ಸ್ಪಷ್ಟವಾಗಿ ಕಾಣುತ್ತವೆ. ತೆಳು ಅಂಬಲಿಯಂಥ ಮಣ್ಣಿನ ನೀರು ಬೆರಳ ಪಕ್ಕದಲ್ಲಿ ಕೂಡಿ ಮಣಿಕಟ್ಟಿಗೆ ಇಳಿಯುತ್ತಿದೆ. ಕ್ಯಾಮೆರಾ ಬಟ್ಟಲಿನ ಎತ್ತರದಲ್ಲಿ, ತುಂಬ ಹತ್ತಿರ, ಅಲುಗಾಡದೆ. ಎಡಗಡೆಯ ಬಾಗಿಲಿನಿಂದ ಬೆಳಗಿನ ಬೆಳಕು. ಮುಖ ಕಾಣುವುದಿಲ್ಲ.'

ನೀವು ಬಳಸೋ ಸಾಧನಕ್ಕೆ ಕನ್ನಡ ಸರಿಯಾಗಿ ಹತ್ತದಿದ್ದರೆ ಇದೇ ಕ್ರಮದಲ್ಲಿ ಇಂಗ್ಲಿಷಿಗೆ ತನ್ನಿ. ತಿಗರಿಯನ್ನು ಬರೀ 'ಚಕ್ರ' ಮಾಡಬೇಡಿ, ಗಾಡಿ ಚಕ್ರ ಬಂದೀತು.

ಬಂದ ವಿಡಿಯೊ ಸರಿಯಿದೆಯಾ ಅಂತ ನೋಡೋದು ಹೇಗೆ? ಬೆರಳು ಎಣಿಸೋದನ್ನು ಎಲ್ಲರೂ ಮಾಡ್ತಾರೆ. ನಾನು ಮೊದಲು ನೋಡೋದು ಹೊಳಪನ್ನ. ದುಂಡಗಿನ ಒದ್ದೆ ಬಟ್ಟಲು ಎಷ್ಟೇ ಜೋರಾಗಿ ತಿರುಗಿದರೂ ಬಾಗಿಲ ಬೆಳಕಿನ ಹೊಳಪು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತೆ. ಸುತ್ತೋದು ಸಣ್ಣ ಕಲೆ, ಬೆರಳು ಬಿಟ್ಟ ಗೀರು. ಹೊಳಪೂ ಮಣ್ಣಿನ ಜೊತೆ ಸುತ್ತುತ್ತಾ ಇದ್ದರೆ ಆ ಕ್ಲಿಪ್ ಬಿಡಿ. ಆಮೇಲೆ ಅಂಚು. ಬೆರಳು ತಾಗದೇ ಇರೋವಾಗಲೂ ಏಳ್ತಾ ಇದ್ದರೆ ಅದೂ ಬೇಡ. ಇಂಥದ್ದು ಬಂದಾಗ ಇಡೀ ಪ್ರಾಂಪ್ಟ್ ಬದಲಾಯಿಸಬೇಡಿ, ತಪ್ಪಿದ ಒಂದು ವಾಕ್ಯವನ್ನಷ್ಟೇ ತಿದ್ದಿ ಮತ್ತೆ ಕೊಡಿ. ಆಗ ಯಾವ ಮಾತು ಕೆಲಸ ಮಾಡ್ತು ಅಂತ ಗೊತ್ತಾಗುತ್ತೆ.

ಒಂದು ಮಾತು. ಕುಂಬಾರಗೇರಿಯದೇ ವಿಡಿಯೊ ಬೇಕು ಅಂದ್ರೆ ಅಲ್ಲಿಗೇ ಹೋಗಿ, ಕೇಳಿ, ಫೋನಿನಲ್ಲಿ ತೆಗೀರಿ. ಎಐ ಕ್ಲಿಪ್ಪಿಗೆ ಕುಂಬಾರಗೇರಿ ಅಂತ ಹೆಸರು ಹಾಕೋದು ಸುಳ್ಳು, ಅಲ್ಲಿನವರ ಕೈ ಅದರಲ್ಲಿ ಇಲ್ಲ. ಪಾಠಕ್ಕೋ ಪ್ರಾತ್ಯಕ್ಷಿಕೆಗೋ ಬಳಸಿದರೆ 'ಎಐ ದೃಶ್ಯ' ಅಂತ ಪರದೆ ಮೇಲೇ ಬರೆದುಬಿಡಿ. ದಾರದಲ್ಲಿ ಕತ್ತರಿಸೋ ಶಾಟ್ ಇವುಗಳಲ್ಲೆಲ್ಲ ಕಷ್ಟದ್ದು, ದಾರ ಮಣ್ಣಿನೊಳಗೆ ಕರಗಿಹೋಗುತ್ತೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.